ಪಗಾರದ ಪಟ್ಟಿಯನ್ನು ಊರ ಮುಂದೆ ಓದಿಸಿ

ಬಾಳೆಹೊಸೂರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಗದಗ-ಬೆಟಗೇರಿಯ ಬಂಧುಗಳೇ,

ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಪಗಾರ ಎತ್ತುವವರಿದ್ದಾರೆ ಎಂಬುದು ನಿಮಗೆ ಹೊಸ ಸುದ್ದಿಯಲ್ಲ. ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುತ್ತೇವೆ, ಆಮೇಲೆ ಎದ್ದು ಮನೆಗೆ ಹೋಗುತ್ತೇವೆ. ನನ್ನ ಸಿಟ್ಟು ಕಳ್ಳರ ಮೇಲೆ ಎಷ್ಟಿದೆಯೋ ನಮ್ಮ ಮೇಲೂ ಅಷ್ಟೇ ಇದೆ.

ಬೆಂಗಳೂರಿನ ಪೌರಕಾರ್ಮಿಕರ ಕಥೆ ನೆನಪಿಸಿಕೊಳ್ಳಿ. 2017ರ ಹೊತ್ತಿಗೆ ಗುತ್ತಿಗೆ ತೆಗೆದು, ಬೆರಳಚ್ಚಿನ ಹಾಜರಿ ತಂದು, ಪಾಲಿಕೆಯೇ ನೇರವಾಗಿ ಪಗಾರ ಕೊಡಲು ಹೊರಟಾಗ ಪಟ್ಟಿಯಲ್ಲಿದ್ದ ಸಾವಿರಾರು ಹೆಸರಿಗೆ ಆಳೇ ಸಿಗಲಿಲ್ಲ. ಪಟ್ಟಿ ಸರಿಪಡಿಸುವ ಗದ್ದಲದಲ್ಲಿ ನಿಜವಾಗಿ ಕಸ ಗುಡಿಸಿದವರ ಪಗಾರವೂ ತಿಂಗಳುಗಟ್ಟಲೆ ನಿಂತಿತು. 2018ರ ಜುಲೈನಲ್ಲಿ, ಹಾಗೆ ಪಗಾರ ಕಾಣದ ಒಬ್ಬ ಕಾರ್ಮಿಕ ಜೀವ ಕಳೆದುಕೊಂಡ. ಸುಳ್ಳು ಹೆಸರು ಬರೆದವನು ಸರ್ಕಾರದ ರೊಕ್ಕವನ್ನಷ್ಟೇ ಕದಿಯುವುದಿಲ್ಲ, ಪಕ್ಕದ ಸಾಲಿನಲ್ಲಿರುವ ನಿಜವಾದ ಹೆಸರಿನ ಅನ್ನವನ್ನೂ ಕದಿಯುತ್ತಾನೆ.

ಇದು ನಡೆಯುವುದು ಹೇಗೆ? ಒಬ್ಬ ಕಾರ್ಮಿಕ ಯುಗಾದಿಗೆ ಕೆಲಸ ಬಿಟ್ಟು ದುಡಿಯಲು ಗೋವೆಗೆ ಹೋದ ಎನ್ನಿ. ಪಟ್ಟಿಯಿಂದ ಅವನ ಹೆಸರು ತೆಗೆಯುವುದಿಲ್ಲ. ಬಿಲ್ ತಯಾರಾಗುವ ಎರಡು ದಿನ ಮೊದಲು ಕಂಪ್ಯೂಟರಿನಲ್ಲಿ ಅವನ ಬ್ಯಾಂಕ್ ಖಾತೆ ನಂಬರ್ ಬದಲಾಗುತ್ತದೆ. ಹೆಸರು ಅವನದೇ, ಖಾತೆ ಮತ್ತೊಬ್ಬರದು. ವರ್ಷಗಟ್ಟಲೆ ಪಗಾರ ಹರಿಯುತ್ತದೆ. ಇಷ್ಟಕ್ಕೆಲ್ಲ ಬೇಕಾದದ್ದು ಒಂದೇ: ಬದಲಾವಣೆ ಬರೆಯುವ ಕೈ ಮತ್ತು ಮಂಜೂರು ಮಾಡುವ ಕೈ ಒಂದೇ ಆಗಿರಬೇಕು.

ನಾನು ಕ್ಷಮಿಸಲಾರದ್ದು ಇದನ್ನೇ. ಕಾನೂನು ಎರಡು ಕೈ ಇಟ್ಟಿದೆ. ಗುಮಾಸ್ತ ಬರೆಯಬೇಕು, ಅಧಿಕಾರಿ ಆದೇಶದ ಪ್ರತಿ, ಪಾಸ್‌ಬುಕ್ ಪ್ರತಿ ನೋಡಿ ಒಪ್ಪಬೇಕು. ಆದರೆ ಎಷ್ಟೋ ಕಚೇರಿಗಳಲ್ಲಿ ಸಾಹೇಬರ ಪಾಸ್‌ವರ್ಡ್ ಗುಮಾಸ್ತನ ಡೈರಿಯಲ್ಲಿರುತ್ತದೆ, ಡಿಜಿಟಲ್ ಸಹಿಯ ಕೀ ಆಪರೇಟರನ ಟೇಬಲ್ ಖಾನೆಯಲ್ಲಿರುತ್ತದೆ. "ಕೆಲಸ ಬೇಗ ಆಗಲಿ ಅಂತ ಕೊಟ್ಟೀನ್ರಿ" ಎನ್ನುತ್ತಾರೆ. ಸಾಹೇಬರೇ, ನೀವು ಕೊಟ್ಟದ್ದು ಪ್ಲಾಸ್ಟಿಕ್ ತುಂಡಲ್ಲ, ನಿಮ್ಮ ಸಹಿ.

ಎರಡನೆಯ ಕಳ್ಳತನ ಕಡಿತದ್ದು. 15,000 ರೂಪಾಯಿ ಪಗಾರದವರಿಂದ ಭವಿಷ್ಯನಿಧಿಗೆ ಶೇ. 12ರಂತೆ ತಿಂಗಳಿಗೆ 1,800 ಮುರಿಯುತ್ತಾರೆ, ವರ್ಷಕ್ಕೆ 21,600. ಅದು ಮರುತಿಂಗಳ 15ರೊಳಗೆ ನಿಧಿಗೆ ಸೇರಬೇಕು. ಗುತ್ತಿಗೆಯ ಮೇಲೆ ಕಸ ಗುಡಿಸುವ ಒಬ್ಬ ಅಕ್ಕನ ಪಗಾರ ಚೀಟಿಯಲ್ಲಿ ತಪ್ಪದೆ ಕಡಿತ ಕಂಡೆ, ಅವಳ ಪಿಎಫ್ ಪಾಸ್‌ಬುಕ್‌ನಲ್ಲಿ ಒಂದು ಪೈಸೆ ಕಾಣಲಿಲ್ಲ. ಮುರಿದುಕೊಂಡು ಕಟ್ಟದಿರುವುದು ಬಾಕಿ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಅದನ್ನು ಅಪರಾಧಿಕ ನಂಬಿಕೆದ್ರೋಹವೆಂದೇ ಎಣಿಸುತ್ತದೆ.

ತಪಾಸಣೆಗೆ ಬರುವ ಆಡಿಟರರಿಗೂ ನಾಲ್ಕು ಮಾತು ಹೇಳಬೇಕು. ಬಿಲ್ಲಿನ ಮೊತ್ತ ಕೂಡಿಸಿ ಸರಿಯಿದೆ ಎಂದು ಬರೆದು ಹೋದರೆ ಸಾಲದು. ಹಾಜರಿ ಪುಸ್ತಕ, ಬ್ಯಾಂಕಿಗೆ ಹೋದ ಪಟ್ಟಿ, ಪಿಎಫ್ ಚಲನಿನ ಜೊತೆಗಿನ ಪಟ್ಟಿ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ತಲೆ ಎಣಿಸಿ. ಬ್ಯಾಂಕಿನಲ್ಲಿ 40 ಹೆಸರಿದ್ದು ಪಿಎಫ್‌ನಲ್ಲಿ 34 ಇದ್ದರೆ, ಉಳಿದ 6 ಮಂದಿ ಕಡಿತ ಕಟ್ಟಿಸಿಕೊಳ್ಳದ ನಿಜವಾದ ಆಳುಗಳೋ, ಇಲ್ಲವೇ ಆಳೇ ಇಲ್ಲದ ಹೆಸರುಗಳೋ ಕೇಳಿ. ಎರಡು ಹೆಸರಿಗೆ ಒಂದೇ ಖಾತೆ ಇದೆಯೇ ನೋಡಿ. ಬಿಲ್ಲಿನ ಹಿಂದಿನ ವಾರ ಯಾವ ಖಾತೆ ಯಾರ ಲಾಗಿನ್‌ನಿಂದ ಬದಲಾಯಿತು ಎಂಬ ದಾಖಲೆ ತೆಗೆಸಿ, ಪ್ರತಿ ಬದಲಾವಣೆಗೂ ಕಾರ್ಮಿಕನ ಅರ್ಜಿ ಕೇಳಿ. ಜಾಣ ಕಳ್ಳ ಸುಳ್ಳು ಹೆಸರಿಗೂ ಪಿಎಫ್ ಕಟ್ಟುತ್ತಾನೆ. ಆಗ ಕಾಗದ ಸೋಲುತ್ತದೆ. ಹೇಳದೆ ಬೆಳಗಿನ ಪಾಳಿಗೆ ಹೋಗಿ ಮುಖ ನೋಡಿ ಎಣಿಸುವುದೊಂದೇ ದಾರಿ.

ಬಾಳೆಹೊಸೂರಿನಲ್ಲಿ ಕಳ್ಳತನ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿಗಿಲ್ಲದ ಒಂದು ಬಲ ನಮಗಿದೆ, ಅದನ್ನು ನಾವು ಬಳಸುತ್ತಿಲ್ಲ ಎನ್ನುತ್ತಿದ್ದೇನೆ. ಇಲ್ಲಿ ನೀರು ಬಿಡುವವರು ಯಾರು, ಗಟಾರ ತೆಗೆಯುವವರು ಯಾರು, ಎಲ್ಲರಿಗೂ ಗೊತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ನೌಕರನ ತಿಂಗಳ ಪಗಾರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು. ಅದು ಯಾರೋ ಮಾಡುವ ಉಪಕಾರವಲ್ಲ. ಹಾಗಿದ್ದೂ ಗ್ರಾಮಸಭೆಯಲ್ಲಿ ಮನೆ ಪಟ್ಟಿಗೆ ಗದ್ದಲ ಮಾಡುವ ನಾವು ಪಗಾರದ ಪಟ್ಟಿ ಕೇಳಿದ್ದೇವೆಯೇ? ಗುಡಿಸುವ ಅಕ್ಕನ ಪಿಎಫ್ ಬಂತೇ ಎಂದು ವಿಚಾರಿಸಿದ್ದೇವೆಯೇ?

ಮುಂದಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಬನ್ನಿ. ಪ್ರತಿ ಹೆಸರು, ಕೆಲಸ, ಪಗಾರ, ಕಟ್ಟಿದ ಪಿಎಫ್ ಗಟ್ಟಿಯಾಗಿ ಓದಲು ಹೇಳಿ. ಗುರುತು ಸಿಗದ ಹೆಸರು ಬಂದರೆ ಅಲ್ಲೇ ಎದ್ದು ನಿಂತು, "ಇವರು ಯಾರ್ರಿ, ತೋರಸ್ರಿ" ಎಂದು ಕೇಳಿ.