ಟಿಸಿಎಸ್ ರೊಕ್ಕ ಯಾರ ಪ್ಯಾನಿಗೆ ಅದ, ನೋಡ್ರಿ

ಮಗಳ ಫೀ ಅಂತ 2025ರ ಆಗಸ್ಟಿನಾಗ ನನ್ನ ಖಾತೆಯಿಂದ ಜರ್ಮನಿಗೆ 16 ಲಕ್ಷ ಕಳಿಸಿದ್ವಿ. 10 ಲಕ್ಷದ ಮ್ಯಾಲಿನ 6 ಲಕ್ಷಕ್ಕ ಬ್ಯಾಂಕಿನವರು ನೂರಕ್ಕ 5ರಂಗ 30,000 ಟಿಸಿಎಸ್ ಹಿಡಕೊಂಡ್ರು.

ನಮ್ಮನಿಯವರು, "ನನ್ನ ರಿಟರ್ನಿನಾಗ ತೋರಸ್ತೀನಿ, ನಿನಗೇನು ಗಳಿಕಿ ಅದ?" ಅಂದ್ರು. ಅಲ್ಲೇ ತಪ್ಪೋದು! 26ಎಎಸ್ ತಗದು ನೋಡಿದ್ರ ಆ ರೊಕ್ಕ ನನ್ನ ಪ್ಯಾನಿಗೇ ಕೂತಿತ್ತು. ಅವರು ಕೇಳಿದ್ರ ಹೊಂದಾಣಿಕಿ ಆಗೂದಿಲ್ಲ. ಮ್ಯಾಲ, 60ರ ಒಳಗಿನವರಿಗೆ ಟಿಡಿಎಸ್, ಟಿಸಿಎಸ್ ಕೂಡಿ 25,000 ಆದ್ರ ಗಳಿಕಿ ಇರಲಿಕ್ಕಂದ್ರೂ ರಿಟರ್ನ್ ಹಾಕಲೇಬೇಕು.

ನಾನೇ ಹಾಕಿದೆ. ಟಿಸಿಎಸ್ ಕಾಲಮಿನಾಗ 26ಎಎಸ್‌ದಾಗಿನ ಅಂಕಿನೇ ತುಂಬಿ, ಇ-ವೆರಿಫೈ ಮಾಡಿದೆ. ಪೂರಾ 30,000 ಹೊಳ್ಳಿ ಬಂತು.

ನನ್ನ ಕೇಳಿದ್ರ, ಮುಂದಿನ ಕಂತು ತೆರಿಗಿ ಕಟ್ಟೋರ ಖಾತೆಯಿಂದನ ಹೋಗಲಿ, ಅವರ ತೆರಿಗಿಯೊಳಗೇ ವಜಾ ಆಗ್ತದ.