ಎಫ್‌ಐಆರ್ ಹೇಳಿದ್ದೆಷ್ಟು, ಪೊಲೀಸರು ಹೇಳಿದ್ದೆಷ್ಟು?

2015ರ ಫೆಬ್ರುವರಿ 16ರ ಬೆಳಿಗ್ಗೆ ಕೊಲ್ಹಾಪುರದ ಸಾಗರಮಾಳದಲ್ಲಿ ವಾಯುವಿಹಾರ ಮುಗಿಸಿ ಮನೆಯ ಹತ್ತಿರ ಬಂದಿದ್ದ ಗೋವಿಂದ ಪಾನ್ಸರೆ ಮತ್ತು ಅವರ ಪತ್ನಿ ಉಮಾ ಅವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ ಪರಾರಿಯಾದರು. ಅಂದು ರಾಜಾರಾಮಪುರಿ ಠಾಣೆಯಲ್ಲಿ ದಾಖಲಾದದ್ದು ಕೊಲೆಯತ್ನದ ಪ್ರಕರಣ, ಅದೂ ಅಪರಿಚಿತರ ವಿರುದ್ಧ. ನಾಲ್ಕು ದಿನಗಳ ನಂತರ ಮುಂಬೈಯ ಆಸ್ಪತ್ರೆಯಲ್ಲಿ ಪಾನ್ಸರೆ ತೀರಿಕೊಂಡಾಗ ಅದು ಕೊಲೆ ಪ್ರಕರಣವಾಯಿತು.

ಆ ಎಫ್‌ಐಆರ್‌ನಲ್ಲಿದ್ದದ್ದು ಇಷ್ಟೇ: ಎಲ್ಲಿ, ಯಾವಾಗ, ಯಾರಿಗೆ, ಏನಾಯಿತು. ಯಾರು ಮಾಡಿದರು, ಏಕೆ ಮಾಡಿದರು ಎಂಬುದು ಅದರಲ್ಲಿರಲಿಲ್ಲ. ಆ ಎರಡು ಪ್ರಶ್ನೆಗಳಿಗೆ ಮುಂದಿನ ಹತ್ತು ವರ್ಷಗಳಲ್ಲಿ ಓದುಗರಿಗೆ ಸಿಕ್ಕ ಉತ್ತರಗಳೆಲ್ಲ ಬೇರೆ ಕಾಗದಗಳಿಂದ, ಬೇರೆ ಬಾಯಿಗಳಿಂದ ಬಂದವು. ಅವು ಒಂದಕ್ಕೊಂದು ಹೊಂದಲಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಸಾಂಗ್ಲಿಯಲ್ಲಿ ಒಬ್ಬನ ಬಂಧನವಾಯಿತು. ವರ್ಷಾಂತ್ಯದೊಳಗೆ ಅವನ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಅವನನ್ನು ಸ್ಥಳದಲ್ಲಿ ಕಂಡೆನೆಂದ ಶಾಲಾ ಬಾಲಕನೊಬ್ಬ ಅದರಲ್ಲಿ ಮುಖ್ಯ ಸಾಕ್ಷಿ. 2016ರಲ್ಲಿ ಪೂರಕ ಆರೋಪಪಟ್ಟಿ ಬಂದಾಗ ಗುಂಡು ಹಾರಿಸಿದವರೆಂದು ಹೆಸರಿಸಲಾದವರು ಬೇರೆ ಇಬ್ಬರು, ಇಬ್ಬರೂ ತಲೆಮರೆಸಿಕೊಂಡವರು. ಮೊದಲು ಬಂಧಿತನಾದವನಿಗೆ 2017ರ ಜೂನ್‌ನಲ್ಲಿ ಜಾಮೀನು ಸಿಕ್ಕಿತು. ಎರಡು ಆರೋಪಪಟ್ಟಿಗಳ ನಡುವಿನ ಈ ಅಂತರ ಜಾಮೀನು ಕೋರಿದ ವಾದದ ಮುಖ್ಯ ಭಾಗವಾಗಿತ್ತು. ಮುಂದೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸಿದ ಕರ್ನಾಟಕದ ಎಸ್‌ಐಟಿ ಒಂದು ಜಾಲವನ್ನು ಹಿಡಿದ ಮೇಲೆ, 2018ರ ನಂತರ, ಕೊಲ್ಹಾಪುರದ ಪ್ರಕರಣದಲ್ಲೂ ಹೊಸ ಬಂಧನಗಳಾದವು. ಚಿತ್ರ ಮತ್ತೆ ಬದಲಾಯಿತು. 2022ರಲ್ಲಿ ಬಾಂಬೆ ಹೈಕೋರ್ಟ್ ತನಿಖೆಯನ್ನು ಭಯೋತ್ಪಾದನಾ ನಿಗ್ರಹ ದಳಕ್ಕೆ ವಹಿಸಿತು. 2025ರ ಜನವರಿಯಲ್ಲಿ ಆರು ಆರೋಪಿಗಳಿಗೆ ಅದೇ ಹೈಕೋರ್ಟ್ ಜಾಮೀನು ಕೊಟ್ಟಿತು. (ಆರೋಪಿಗಳ ಹೆಸರುಗಳನ್ನು ಇಲ್ಲಿ ಬೇಕೆಂದೇ ಬಿಟ್ಟಿದೆ. ಪ್ರಕರಣ ಅರ್ಥವಾಗಲು ಅವು ಬೇಕಾಗಿಲ್ಲ.)

ಪೊಲೀಸರು ಸುಳ್ಳು ಹೇಳಿದರು ಎಂಬುದಲ್ಲ ಇಲ್ಲಿನ ವಾದ. ತನಿಖೆ ಎಂದರೆ ಊಹೆಯನ್ನು ಪರೀಕ್ಷಿಸಿ ಬದಲಿಸುತ್ತಾ ಹೋಗುವುದು; ಬದಲಾಗುವುದು ಸಹಜ. ಆದರೆ 2015ರಲ್ಲಿ ‘ಪಾನ್ಸರೆ ಹಂತಕನ ಸೆರೆ’ ಎಂದು ಬರೆದಿದ್ದರೆ ಆ ವಾಕ್ಯ ಪೊಲೀಸರ ಎರಡನೆಯ ಆರೋಪಪಟ್ಟಿಯ ಎದುರೇ ನಿಲ್ಲುವುದಿಲ್ಲ. ‘ಗುಂಡು ಹಾರಿಸಿದವನು ಇವನೆಂದು ತನಿಖಾ ತಂಡ ನ್ಯಾಯಾಲಯಕ್ಕೆ ತಿಳಿಸಿದೆ’ ಎಂದು ಬರೆದಿದ್ದರೆ ಅದು ಇಂದಿಗೂ ನಿಜ.

ಅಕಿವಾಟದಂಥ ಊರಿನ ಓದುಗರಿಗೆ ಈ ವ್ಯತ್ಯಾಸ ಇನ್ನೂ ಹತ್ತಿರದ್ದು. ಶಿರೋಳ ತಾಲ್ಲೂಕಿನ ಈ ಊರಿನಲ್ಲಿ ಏನಾದರೂ ನಡೆದರೆ ಕುರುಂದವಾಡ ಠಾಣೆಯಲ್ಲಿ ಮರಾಠಿಯಲ್ಲಿ ಫಿರ್ಯಾದಿ ದಾಖಲಾಗುತ್ತದೆ. ಕನ್ನಡ ಪತ್ರಿಕೆಯ ಗಡಿಭಾಗದ ವರದಿಗಾರನಿಗೆ ಎಷ್ಟೋ ಸಲ ಮೂಲ ಪ್ರತಿ ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಠಾಣೆಯ ನಾಲ್ಕು ಸಾಲಿನ ಟಿಪ್ಪಣಿ, ಇಚಲಕರಂಜಿಯ ಮರಾಠಿ ಮಿತ್ರನ ಫೋನು, ಇಷ್ಟರಲ್ಲೇ ಸುದ್ದಿ ತಯಾರಾಗುತ್ತದೆ. ಫಿರ್ಯಾದಿದಾರ ಹೇಳಿದ್ದು ಯಾವುದು, ಠಾಣಾಧಿಕಾರಿ ಸೇರಿಸಿದ್ದು ಯಾವುದು ಎಂಬ ಗೆರೆ ಆ ದಾರಿಯಲ್ಲೇ ಅಳಿಸಿಹೋಗುತ್ತದೆ.

ಮೂಲ ಪ್ರತಿಯನ್ನೇ ಏಕೆ ನೋಡಬೇಕು ಎಂದರೆ ಅದರ ಕಾಲಂಗಳು ತಾವೇ ಮಾತಾಡುತ್ತವೆ. ಘಟನೆ ನಡೆದ ಸಮಯ ಒಂದು ಕಡೆ, ಠಾಣೆಗೆ ಮಾಹಿತಿ ಬಂದ ಸಮಯ ಇನ್ನೊಂದು ಕಡೆ ಇರುತ್ತದೆ. ನಡುವೆ ಹನ್ನೆರಡು ಗಂಟೆ ಕಳೆದಿದ್ದರೆ ತಡವಾದದ್ದಕ್ಕೆ ಕಾರಣ ಬರೆಯಲೆಂದೇ ಒಂದು ಕಾಲಂ ಇದೆ. ಅದು ಖಾಲಿಯಿದ್ದರೆ ಕೇಳಬೇಕಾದ ಪ್ರಶ್ನೆ ಅಲ್ಲೇ ಸಿಕ್ಕಿತು. ಆರೋಪಿಗಳ ಕಾಲಂನಲ್ಲಿ ‘ಅಪರಿಚಿತ’ ಎಂದಿದ್ದು, ಅದೇ ಸಂಜೆ ಪತ್ರಿಕಾಗೋಷ್ಠಿಯಲ್ಲಿ ಹೆಸರು ಬಂದರೆ, ಆ ಹೆಸರು ಎಫ್‌ಐಆರ್‌ನದ್ದಲ್ಲ. ನ್ಯಾಯಾಲಯಕ್ಕೆ ಪ್ರತಿ ಕಳಿಸಿದ ದಿನ, ಸಮಯ ಕೊನೆಯಲ್ಲಿರುತ್ತದೆ. ಮುಂದೆ ವಕೀಲರು ವಿಚಾರಣೆಯಲ್ಲಿ ಮೊದಲು ಕೈಹಾಕುವುದು ಅಲ್ಲಿಗೇ, ಏಕೆಂದರೆ ತಡವಾಗಿ ಹೋದ ಎಫ್‌ಐಆರ್ ಆಮೇಲೆ ಕೂತು ಬರೆದದ್ದೇ ಎಂಬ ಅನುಮಾನಕ್ಕೆ ಎಡೆ ಕೊಡುತ್ತದೆ. ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ನಿರ್ದೇಶನದಂತೆ ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳು ಪೊಲೀಸರ ಜಾಲತಾಣಕ್ಕೆ ಬರಬೇಕು. ಟಿಪ್ಪಣಿಯನ್ನೇ ನಂಬಿ ಕೂರುವ ಅನಿವಾರ್ಯ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಕಲಂಗಳ ವಿಷಯವೂ ಹಾಗೆಯೇ. ಯಾವ ಕಲಂ ಹಾಕಬೇಕೆಂದು ತೀರ್ಮಾನಿಸುವುದು ಠಾಣೆಯಲ್ಲಿ ಆ ಹೊತ್ತಿನಲ್ಲಿ ಕುಳಿತ ಅಧಿಕಾರಿ. ಅದು ಅವನ ಅಂದಾಜು; ಆಮೇಲೆ ಸೇರುತ್ತದೆ, ಬಿಟ್ಟುಹೋಗುತ್ತದೆ. ಇನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ನಿಪ್ಪಾಣಿಯಲ್ಲಿ ನಡೆದದ್ದಕ್ಕೆ ಕುರುಂದವಾಡದಲ್ಲಿ ದೂರು ದಾಖಲಾದರೆ, ಠಾಣೆಯ ಹೆಸರು ನೋಡಿ ಊರನ್ನು ಬರೆದುಬಿಡುವ ವರದಿಗಾರ ಮೊದಲ ಸಾಲಿನಲ್ಲೇ ಎಡವುತ್ತಾನೆ.

ಇಷ್ಟಾದರೂ ಎಫ್‌ಐಆರ್ ಸಾಕ್ಷ್ಯವಲ್ಲ. ದೂರು ಕೊಟ್ಟವರು ಮುಂದೆ ಕಟಕಟೆಯಲ್ಲಿ ನಿಂತಾಗ ಅವರ ಮಾತನ್ನು ಬೆಂಬಲಿಸಲು ಅಥವಾ ಅಲ್ಲಗಳೆಯಲು ಅದನ್ನು ಬಳಸುತ್ತಾರೆ, ಅಷ್ಟೇ. ಕಾನೂನೇ ಅದಕ್ಕೆ ಕೊಡದ ತೂಕವನ್ನು ಮುಖಪುಟ ಕೊಡಬೇಕಾಗಿಲ್ಲ.

ಆದರೆ ಕನ್ನಡದ ಅಪರಾಧ ವರದಿಯಲ್ಲಿ ದೊಡ್ಡ ಕೇಡು ಎಫ್‌ಐಆರ್‌ನಿಂದ ಆಗುವುದಿಲ್ಲ, ಅದರ ಹೆಸರಿನಲ್ಲಿ ಒಳಬರುವ ಉಳಿದ ಸರಕಿನಿಂದ ಆಗುತ್ತದೆ. ‘ವಿಚಾರಣೆ ವೇಳೆ ಆರೋಪಿ ಬಾಯ್ಬಿಟ್ಟಿದ್ದಾನೆ’ ಎಂಬ ಸಾಲನ್ನು ಓದದ ಓದುಗರಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನೇ ಹೇಳುತ್ತದೆ. ಬ್ರಿಟಿಷರು ಕೂಡ ತಮ್ಮ ಪೊಲೀಸರನ್ನು ಈ ವಿಷಯದಲ್ಲಿ ನಂಬಲಿಲ್ಲ! ಕಸ್ಟಡಿ ಕೇಳುವ ರಿಮಾಂಡ್ ಅರ್ಜಿಯೂ ಇಂಥದ್ದೇ. ಆರೋಪಿಯನ್ನು ಇನ್ನಷ್ಟು ದಿನ ಇಟ್ಟುಕೊಳ್ಳಲು ಬರೆದ ಕಾಗದದಲ್ಲಿ ಸಂಚು ದೊಡ್ಡದಾಗಿಯೇ ಕಾಣುತ್ತದೆ. ಆರೋಪಪಟ್ಟಿಯೂ ತನಿಖಾಧಿಕಾರಿಯ ಅಭಿಪ್ರಾಯವೇ, ದಾಖಲೆಗಳ ಬೆಂಬಲವಿರುವ ಅಭಿಪ್ರಾಯ ಎಂಬುದಷ್ಟೇ ವ್ಯತ್ಯಾಸ. ಇವೆಲ್ಲವನ್ನೂ ‘ಪೊಲೀಸ್ ಮೂಲಗಳು’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಯಾವ ಮಾತಿಗೆ ಎಷ್ಟು ಬೆಲೆ ಎಂದು ಅಳೆಯುವ ದಾರಿಯೇ ಓದುಗನಿಗಿರುವುದಿಲ್ಲ. ‘ಎನ್ನಲಾಗಿದೆ’ ಸೇರಿಸಿದರೆ ಪಾಪ ಕಳೆಯಿತೆಂದು ಭಾವಿಸುವವರಿದ್ದಾರೆ. ಯಾರು ಎಂದರು, ಯಾವ ಕಾಗದದಲ್ಲಿ ಎಂದರು ಎಂಬುದನ್ನೇ ಅದು ಮುಚ್ಚಿಡುತ್ತದೆ.

ಇದರ ಬೆಲೆ ಏನೆಂದು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಪ್ರಕರಣ ತೋರಿಸಿತು. ಕುಶಾಲನಗರ ಬಳಿಯ ಆದಿವಾಸಿ ಕೂಲಿಕಾರನೊಬ್ಬ 2020ರಲ್ಲಿ ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ದೂರು ಕೊಟ್ಟ. ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಅದು ಅವಳದ್ದೇ ಎಂದ ಪೊಲೀಸರು ಅವನನ್ನು ಕೊಲೆ ಆರೋಪದಲ್ಲಿ ಬಂಧಿಸಿದರು. ಡಿಎನ್‌ಎ ವರದಿ ಬರುವ ಮೊದಲೇ ಆರೋಪಪಟ್ಟಿ ನ್ಯಾಯಾಲಯ ಸೇರಿತ್ತು. ಆಮೇಲೆ ಬಂದ ವರದಿಯಲ್ಲಿ ಮೂಳೆಗಳು ಹೊಂದಲಿಲ್ಲ. ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದು ಅವನು ಜಾಮೀನಿನ ಮೇಲೆ ಹೊರಬಂದ. 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಆ ಮಹಿಳೆ ಊಟ ಮಾಡುತ್ತಿದ್ದುದನ್ನು ಅವನ ಗೆಳೆಯರು ಕಂಡರು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ದೋಷಮುಕ್ತಗೊಳಿಸಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಈ ಕಡತದಲ್ಲಿ ಅವನದೇ ನಾಪತ್ತೆ ದೂರು ಪೂರ್ತಿ ಸರಿಯಾಗಿತ್ತು ಎಂಬುದನ್ನು ಗಮನಿಸಬೇಕು. ಕೆಟ್ಟದ್ದು ಅದರ ಮೇಲೆ ಕಟ್ಟಿದ ಕಥೆ. ಬಂಧನದ ದಿನ ವರದಿಗಾರ ಕೇಳಬಹುದಾಗಿದ್ದ ಪ್ರಶ್ನೆ ಬಹಳ ಸರಳ: ಮೂಳೆಗಳು ಅವಳದೇ ಎಂದು ಹೇಳಿದವರು ಯಾರು, ಪ್ರಯೋಗಾಲಯವೋ ಠಾಣೆಯೋ? ‘ಡಿಎನ್‌ಎ ವರದಿ ಇನ್ನೂ ಬಂದಿಲ್ಲ’ ಎಂಬ ಒಂದೇ ವಾಕ್ಯ ಆ ಇಡೀ ಸುದ್ದಿಯನ್ನು ಅದರ ಜಾಗದಲ್ಲಿ ಕೂರಿಸುತ್ತಿತ್ತು.

ಆರೋಪಿ ಕಸ್ಟಡಿಯಲ್ಲಿರುವಾಗ ಅವನ ಮಾತು ತರುವುದೆಲ್ಲಿಂದ ಎಂಬ ತಕರಾರು ನ್ಯಾಯವಾದದ್ದೇ. ರಾತ್ರಿ ಒಂಬತ್ತಕ್ಕೆ ಪುಟ ಹೋಗಬೇಕು. ಆದರೆ ಬಂಧನವಾದ 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. ಅಲ್ಲಿ ಅವನ ಪರವಾಗಿ ಯಾರಾದರೂ, ಕಾನೂನು ಸೇವಾ ಪ್ರಾಧಿಕಾರದ ವಕೀಲರಾದರೂ, ನಿಂತಿರುತ್ತಾರೆ. ಪೊಲೀಸರು ಎಷ್ಟು ದಿನ ಕೇಳಿದರು, ನ್ಯಾಯಾಧೀಶರು ಎಷ್ಟು ಕೊಟ್ಟರು, ವಕೀಲರು ಏನೆಂದು ವಿರೋಧಿಸಿದರು ಎಂಬ ಮೂರು ಸಾಲು ಠಾಣೆಯ ಟಿಪ್ಪಣಿಯಲ್ಲಿ ಎಂದೂ ಸಿಗುವುದಿಲ್ಲ. ಮೊದಲ ದಿನ ಸಿಗದಿದ್ದರೆ ಎರಡನೆಯ ದಿನ ಬರೆಯಬಹುದು. ಕಷ್ಟವೆಂದರೆ ಎರಡನೆಯ ದಿನಕ್ಕೆ ಆ ಸುದ್ದಿ ಪುಟದಲ್ಲಿ ಉಳಿದಿರುವುದೇ ಅಪರೂಪ.

ಪುಣೆಯ ನರೇಂದ್ರ ದಾಭೋಲ್ಕರ್ ಹತ್ಯೆಯಲ್ಲಿ ತೀರ್ಪು ಬಂದದ್ದರಿಂದ ತನಿಖೆಯ ಮಾತಿಗೂ ತೀರ್ಪಿಗೂ ನಡುವಿನ ದೂರವನ್ನು ಅಳೆದು ನೋಡಬಹುದು. 2013ರ ಆಗಸ್ಟ್ 20ರಂದು ಕೊಲೆಯಾಯಿತು. ಕೆಲವೇ ತಿಂಗಳಲ್ಲಿ ಶಸ್ತ್ರ ಮಾರಾಟದ ಆರೋಪವಿದ್ದ ಇಬ್ಬರ ಬಂಧನ ತೋರಿಸಲಾಯಿತು. ಅವರ ಮೇಲೆ ಈ ಪ್ರಕರಣದಲ್ಲಿ ಆರೋಪಪಟ್ಟಿಯೇ ಬರಲಿಲ್ಲ. 2016ರಲ್ಲಿ ಸಿಬಿಐ ಬೇರೆ ಇಬ್ಬರು ಗುಂಡು ಹಾರಿಸಿದರೆಂದಿತು, 2018ರಲ್ಲಿ ಮತ್ತಿಬ್ಬರು ಎಂದಿತು. 2024ರ ಮೇ 10ರಂದು ವಿಶೇಷ ನ್ಯಾಯಾಲಯ ಆ ಕೊನೆಯ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟು, ಸಂಚುಕೋರನೆಂದು ಹೇಳಲಾಗಿದ್ದವನೂ ಸೇರಿ ಮೂವರನ್ನು ಬಿಡುಗಡೆ ಮಾಡಿತು.

ಈ ಹನ್ನೊಂದು ವರ್ಷಗಳ ಹಾದಿಯನ್ನು ಹಿಡಿದಿಡಲು ಸಂಪಾದಕೀಯ ವಿಭಾಗಕ್ಕೆ ಬೇಕಾದ್ದು ಬಹಳವೇನಿಲ್ಲ. ಹೆಸರು ಹಾಕಿ ಬರೆದ ಪ್ರತಿ ಅಪರಾಧ ಸುದ್ದಿಯ ಜೊತೆ ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಮೂರನ್ನೂ ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು. ಅದೇ ಸಂಖ್ಯೆಯಿಂದ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣ ಎಲ್ಲಿದೆ ಎಂದು ಹುಡುಕಬಹುದು, ಮುಂದಿನ ದಿನಾಂಕ ಯಾವುದೆಂದು ನೋಡಬಹುದು. ಬಂಧನವನ್ನು ನಾಲ್ಕು ಕಾಲಂನಲ್ಲಿ ಚಿತ್ರಸಹಿತ ಹಾಕಿದ ಪತ್ರಿಕೆ ಬಿಡುಗಡೆಯನ್ನು ಒಂಬತ್ತನೇ ಪುಟದ ಮೂಲೆಯಲ್ಲಿ ಹಾಕುವುದೋ, ಹಾಕುವುದೇ ಇಲ್ಲವೋ ಎಂಬುದು ಆ ವಹಿ ಮೇಜಿನ ಮೇಲಿದೆಯೇ ಎಂಬುದನ್ನು ಅವಲಂಬಿಸಿದೆ.