ಮೇಲೆ ಕತ್ತರಿಸಿದ ಹಣವನ್ನು ಕೆಳಗೂ ಕತ್ತರಿಸಿ

ಸರಕು ಮತ್ತು ಸೇವಾ ತೆರಿಗೆ ಮರುಪಾವತಿ ವಿಭಾಗದ ಸಹಾಯಕ ಆಯುಕ್ತರಿಗೆ,

ಮಾನ್ಯರೇ,

ನಮ್ಮದು ಮಿಡಿಸೌತೆ ರಫ್ತು ಮಾಡುವ ಸಣ್ಣ ಘಟಕ. ರೈತರಿಂದ ಕಾಯಿ ಕೊಂಡು, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಉಪ್ಪುನೀರಿನ ಡ್ರಮ್‌ಗಳಲ್ಲಿ ತುಂಬಿ ಚೆನ್ನೈ ಬಂದರಿನಿಂದ ಹಡಗಿಗೆ ಏರಿಸುತ್ತೇವೆ. ದೇಶದೊಳಗೆ ಒಂದು ಕಿಲೋ ಕೂಡ ಮಾರುವುದಿಲ್ಲ. ಎಲ್‌ಯುಟಿ ಕೊಟ್ಟು ತೆರಿಗೆ ಕಟ್ಟದೆ ರಫ್ತು ಮಾಡುವುದರಿಂದ, ಪ್ಲಾಸ್ಟಿಕ್ ಡ್ರಮ್‌ಗಳಿಗೆ ಕಟ್ಟಿದ ಶೇ 18ರ ತೆರಿಗೆಯೂ ಸೇರಿದಂತೆ ಖರೀದಿಯ ಮೇಲಿನ ಇನ್‌ಪುಟ್ ಕ್ರೆಡಿಟ್ ನಮ್ಮ ಲೆಡ್ಜರಿನಲ್ಲಿ ಹಾಗೇ ಉಳಿಯುತ್ತದೆ. ಅದನ್ನು ನಗದಾಗಿ ಮರಳಿ ಕೇಳುವ ಹಕ್ಕನ್ನು ಸಿಜಿಎಸ್‌ಟಿ ಕಾಯ್ದೆಯ 54(3)ನೇ ಕಲಮು ಕೊಟ್ಟಿದೆ.

ಕಳೆದ ತ್ರೈಮಾಸಿಕದ ನಮ್ಮ ಅರ್ಜಿಗೆ ನಿಮ್ಮ ಕಚೇರಿಯಿಂದ RFD-08 ನೋಟಿಸ್ ಬಂದಿದೆ. 2 ಲಕ್ಷ ರೂಪಾಯಿ ಕ್ರೆಡಿಟ್‌ನಲ್ಲಿ 30,000 ರೂಪಾಯಿ ಕೊಡಲಾಗದು ಎಂಬುದು ಅದರ ಸಾರ. ನಿಯಮದಂತೆ ಉತ್ತರವನ್ನು RFD-09ರಲ್ಲಿ ಸಲ್ಲಿಸಿದ್ದೇನೆ. ಆದರೂ ಇಲ್ಲಿ ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಹಡಗು ಬಾಡಿಗೆ ಸೇರಿಸಿ ದರ ಒಪ್ಪಿಕೊಳ್ಳುವ ಯಾವ ಸಣ್ಣ ರಫ್ತುದಾರನಿಗಾದರೂ ಇದೇ ಕಡಿತ ಎದುರಾಗಬಹುದು.

ನೋಟಿಸಿನ ಲೆಕ್ಕ ಹೀಗಿದೆ. ಆ ಮೂರು ತಿಂಗಳಲ್ಲಿ ನಮ್ಮ ಇನ್‌ವಾಯ್ಸ್‌ಗಳ ಮೊತ್ತ 60 ಲಕ್ಷ. ಗಿರಾಕಿಯ ಬಂದರಿನವರೆಗಿನ ಹಡಗು ಬಾಡಿಗೆ ಮತ್ತು ವಿಮೆ, ಒಟ್ಟು 9 ಲಕ್ಷ, ಅದರಲ್ಲೇ ಸೇರಿದೆ. ಶಿಪ್ಪಿಂಗ್ ಬಿಲ್‌ನಲ್ಲಿರುವ ಎಫ್‌ಒಬಿ ಮೌಲ್ಯ 51 ಲಕ್ಷ. 89(4)ನೇ ನಿಯಮದ ಸೂತ್ರದ ಪ್ರಕಾರ ರಫ್ತಿನ ವಹಿವಾಟನ್ನು ಒಟ್ಟು ವಹಿವಾಟಿನಿಂದ ಭಾಗಿಸಿ ಕ್ರೆಡಿಟ್‌ನಿಂದ ಗುಣಿಸಬೇಕು. ನಿಮ್ಮ ಕಚೇರಿ ಮೇಲೆ 51 ಲಕ್ಷ ಇಟ್ಟು, ಕೆಳಗೆ 60 ಲಕ್ಷ ಇಟ್ಟಿದೆ. ಹಾಗಾಗಿ ಉತ್ತರ 1,70,000 ರೂಪಾಯಿ.

ಮೇಲೆ 51 ಲಕ್ಷ ಇಟ್ಟದ್ದಕ್ಕೆ ನಮ್ಮ ತಕರಾರಿಲ್ಲ. ಎಫ್‌ಒಬಿ ಮತ್ತು ಇನ್‌ವಾಯ್ಸ್ ಮೌಲ್ಯಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ತೆಗೆದುಕೊಳ್ಳಬೇಕೆಂದು 2022ರ ಜುಲೈಯಲ್ಲಿ ಆ ನಿಯಮಕ್ಕೆ ವಿವರಣೆ ಸೇರಿಸಲಾಗಿದೆ. ತಕರಾರು ಇರುವುದು ಕೆಳಗಿನ 60 ಲಕ್ಷದ ಬಗ್ಗೆ. ಆ ಅಂಕಿ ನಮ್ಮ GSTR-3Bಯಿಂದ ನೇರವಾಗಿ ಬಂದಿದೆ. ಅಲ್ಲಿ ನಾವು ಇನ್‌ವಾಯ್ಸ್ ಮೊತ್ತವನ್ನೇ ತೋರಿಸಿರುತ್ತೇವೆ. ಹೀಗೆ ಒಂದೇ ಕಂಟೇನರಿನ ಒಂದೇ ಸರಕಿಗೆ ಗೆರೆಯ ಮೇಲೊಂದು ಬೆಲೆ, ಗೆರೆಯ ಕೆಳಗೊಂದು ಬೆಲೆ ಆಗಿದೆ.

ಈ ಗೊಂದಲ ಹೊಸದೇನಲ್ಲ. ಇದಕ್ಕೆ ಪರಿಹಾರವೂ ಬಂದಾಗಿದೆ. ಪರೋಕ್ಷ ತೆರಿಗೆಗಳ ಕೇಂದ್ರ ಮಂಡಳಿ 2023ರ ಜುಲೈ 17ರಂದು ಹೊರಡಿಸಿದ 197/09/2023 ಸಂಖ್ಯೆಯ ಸುತ್ತೋಲೆಯನ್ನು ದಯವಿಟ್ಟು ತೆಗೆದು ನೋಡಿ. ಆ ವಿವರಣೆಯಂತೆ ನಿಗದಿಯಾದ ಮೌಲ್ಯವನ್ನೇ ಒಟ್ಟು ವಹಿವಾಟಿಗೂ ಲೆಕ್ಕ ಹಿಡಿಯಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅದರಂತೆ ಕೆಳಗೂ 51 ಲಕ್ಷವೇ ಬರಬೇಕು. 51ನ್ನು 51ರಿಂದ ಭಾಗಿಸಿದರೆ ಒಂದು. ಮರುಪಾವತಿ ಪೂರ್ತಿ 2 ಲಕ್ಷ.

ಸುತ್ತೋಲೆಯನ್ನು ಪಕ್ಕಕ್ಕಿಟ್ಟು ನೋಡಿದರೂ ನೋಟಿಸಿನ ಲೆಕ್ಕ ನಿಲ್ಲುವುದಿಲ್ಲ. ಕ್ರೆಡಿಟ್‌ನಲ್ಲಿ ದೇಶದೊಳಗಿನ ಮಾರಾಟಕ್ಕೆ ಸೇರಿದ ಪಾಲನ್ನು ಬೇರ್ಪಡಿಸುವುದಷ್ಟೇ ಆ ಸೂತ್ರದ ಕೆಲಸ. ನಮಗೆ ಅಂಥ ಮಾರಾಟವೇ ಇಲ್ಲ. ಹಾಗಿದ್ದಮೇಲೆ ಬೇರ್ಪಡಿಸಿದ 30,000 ರೂಪಾಯಿ ಯಾವ ಮಾರಾಟದ ಪಾಲು?

ತಿರಸ್ಕರಿಸಿದ ಮೊತ್ತ PMT-03 ಮೂಲಕ ನಿಮ್ಮ ಲೆಡ್ಜರಿಗೇ ವಾಪಸಾಗುತ್ತದಲ್ಲ, ನಷ್ಟವೇನು ಎಂದು ಕೇಳಬಹುದು. ತೆರಿಗೆ ಕಟ್ಟುವ ಮಾರಾಟವೇ ಇಲ್ಲದವನಿಗೆ ಆ ಲೆಡ್ಜರಿನ ಹಣ ಖರ್ಚಾಗುವ ದಾರಿಯಿಲ್ಲ. ರೈತನಿಗೆ ನಗದು ಕೊಡಬೇಕು, ಡ್ರಮ್ಮಿನವನಿಗೂ ನಗದೇ ಆಗಬೇಕು. 107ನೇ ಕಲಮಿನಡಿ ಮೇಲ್ಮನವಿ ಹೋಗಬಹುದು, ನಿಜ. ಆದರೆ 30,000 ರೂಪಾಯಿಯ ಮೇಲ್ಮನವಿಯಲ್ಲಿ ವಕೀಲರ ಫೀಸು ಕಳೆದು ಕೈಗೆ ಉಳಿಯುವುದು ಅಷ್ಟಕ್ಕಷ್ಟೆ. ಇಂಥ ಕಡಿತಗಳು ಪ್ರಶ್ನೆಯಿಲ್ಲದೆ ಉಳಿದುಕೊಳ್ಳುವುದು ಈ ಕಾರಣಕ್ಕೇ.

ಆದ್ದರಿಂದ ನನ್ನ ಕೋರಿಕೆಗಳು ಮೂರು. ಆದೇಶ ಹೊರಡಿಸುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಿ. ಆ ಅವಕಾಶವಿಲ್ಲದೆ ಅರ್ಜಿ ತಿರಸ್ಕರಿಸಬಾರದೆಂದು 92(3)ನೇ ನಿಯಮವೇ ಹೇಳುತ್ತದೆ. ಛೇದದಲ್ಲೂ ಎಫ್‌ಒಬಿ ಮೌಲ್ಯ ಹಾಕಿ, ಅರ್ಜಿ ಸ್ವೀಕರಿಸಿದ 60 ದಿನಗಳೊಳಗೆ 2 ಲಕ್ಷಕ್ಕೆ RFD-06 ಆದೇಶ ಕೊಡಿ. ತಡವಾದರೆ 56ನೇ ಕಲಮಿನಂತೆ ಶೇ 6ರ ಬಡ್ಡಿ ಸೇರಿಸಿ. ಮತ್ತು ಮರುಪಾವತಿ ಕಡತಗಳನ್ನು ಪರಿಶೀಲಿಸುವ ನಿಮ್ಮ ಸಿಬ್ಬಂದಿಗೆ ಆ ಸುತ್ತೋಲೆಯ ಒಂದು ಪ್ರತಿ ಕೊಟ್ಟು, ಲೆಕ್ಕದ ಹಾಳೆಯಲ್ಲಿ GSTR-3Bಯ ಅಂಕಿಯನ್ನು ಹಾಗೇ ಇಳಿಸದಂತೆ ಸೂಚಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮಿಡಿಸೌತೆ ರಫ್ತುದಾರ